ಸ್ಟೇಟಸ್‌ನಲ್ಲಿ ಹಾಕಿದ ರೇಟಿಗೇ ಏರ್‌ಪೋರ್ಟ್ ಡ್ರಾಪ್: ನನ್ನ ಅನುಭವ

ನಾನು ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ಇರೋದು. ಹಳದಿ ಬೋರ್ಡಿನ ಡಿಜೈರ್ ಓಡಿಸುತ್ತೇನೆ, ಸಿಎನ್‌ಜಿ. ಮೊದಲು ಆ್ಯಪ್‌ನಲ್ಲೇ ದಿನವಿಡೀ ಓಡಿಸುತ್ತಿದ್ದೆ. ಈಗ ವಾರದಲ್ಲಿ ಹತ್ತು ಹನ್ನೆರಡು ಏರ್‌ಪೋರ್ಟ್ ಡ್ರಾಪ್ ನನ್ನ ವಾಟ್ಸಾಪ್ ಸ್ಟೇಟಸ್‌ನಿಂದಲೇ ಬರುತ್ತವೆ. ಹೇಗೆ ಮಾಡಿದೆ ಅಂತ ಸ್ಟ್ಯಾಂಡಿನಲ್ಲಿ ಹುಡುಗರು ಕೇಳುತ್ತಾ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಆರು ತಿಂಗಳು ನನ್ನ ಸ್ಟೇಟಸ್ ನೋಡುತ್ತಿದ್ದವರು ಯಾರು ಗೊತ್ತಾ? ನನ್ನ ಭಾವ, ಊರಿನ ಗೆಳೆಯರು, ಗ್ಯಾರೇಜಿನವರು, ಇನ್ನೊಂದಿಷ್ಟು ಡ್ರೈವರ್‌ಗಳು. ಕಸ್ಟಮರ್ ಒಬ್ಬರೂ ಇಲ್ಲ. ನಾನು ಅವರ ನಂಬರನ್ನೆಲ್ಲ ಸೇವ್ ಮಾಡಿಕೊಂಡಿದ್ದೆ, ಆದರೆ ಅವರು ನನ್ನ ನಂಬರ್ ಸೇವ್ ಮಾಡಿರಲಿಲ್ಲ. ಇಬ್ಬರ ಫೋನಿನಲ್ಲೂ ಇಬ್ಬರ ನಂಬರ್ ಸೇವ್ ಆಗಿದ್ದರೆ ಮಾತ್ರ ಸ್ಟೇಟಸ್ ಕಾಣುತ್ತದೆ. ಇದು ಗೊತ್ತಿಲ್ಲದೆ ದುಡ್ಡು ಕೊಟ್ಟು ಪೋಸ್ಟರ್ ಬೇರೆ ಮಾಡಿಸಿದ್ದೆ, ವಿಮಾನದ ಚಿತ್ರ, ಹೊಳೆಯೋ ಕಾರಿನ ಚಿತ್ರ ಎಲ್ಲ ಹಾಕಿ.

ಅದಾದ ಮೇಲೆ ಡ್ರಾಪ್ ಮಾಡಿದ ಜಾಗದಲ್ಲೇ ಕೇಳೋಕೆ ಶುರು ಮಾಡಿದೆ. ಸಾಮಾನು ಇಳಿಸಿಕೊಟ್ಟ ಮೇಲೆ, "ಸರ್, ನನ್ನ ನಂಬರನ್ನ ಏರ್‌ಪೋರ್ಟ್ ಕ್ಯಾಬ್ ಅಂತ ಸೇವ್ ಮಾಡಿ ಒಂದು ಹಾಯ್ ಕಳಿಸ್ತೀರಾ, ಮುಂದಿನ ಸಲ ರೇಟ್ ಸ್ಟೇಟಸ್‌ನಲ್ಲೇ ಕಾಣುತ್ತೆ" ಅಂತೀನಿ. ಅವಸರದಲ್ಲಿ ಇರುತ್ತಾರೆ, ಹತ್ತರಲ್ಲಿ ನಾಲ್ಕು ಜನ ಮಾಡುತ್ತಾರೆ. ಅಷ್ಟು ಸಾಕು. ನಾನೂ ಆಗಲೇ ಸೇವ್ ಮಾಡಿಕೊಳ್ಳುತ್ತೇನೆ, ಹೆಸರಿನ ಜೊತೆ ಏರಿಯಾ ಸೇರಿಸಿ. ಸ್ಟೇಟಸ್ ಹಾಕಿದ ಮೇಲೆ ಯಾರು ನೋಡಿದರು ಅನ್ನೋ ಪಟ್ಟಿಯನ್ನು ವಾರಕ್ಕೊಮ್ಮೆ ನೋಡುತ್ತೇನೆ. ತಿಂಗಳುಗಟ್ಟಲೆ ಒಬ್ಬರ ಹೆಸರು ಬರಲೇ ಇಲ್ಲ ಅಂದರೆ ಅವರು ಸೇವ್ ಮಾಡಿಲ್ಲ, ಇಲ್ಲವೇ ಸ್ಟೇಟಸ್ ನೋಡೋ ಅಭ್ಯಾಸವೇ ಇಲ್ಲ, ಇಲ್ಲವೇ ನೀಲಿ ಟಿಕ್ ಆಫ್ ಮಾಡಿಟ್ಟಿದ್ದಾರೆ. ಆಫ್ ಮಾಡಿಟ್ಟವರು ನೋಡಿದರೂ ಪಟ್ಟಿಯಲ್ಲಿ ಕಾಣಲ್ಲ. ಹಾಗಾಗಿ ಹೆಸರು ಬರದವರನ್ನು ತೆಗೆದುಹಾಕಬೇಡಿ. ಹಾಗೆ ಕಾಣದೇ ಇದ್ದ ಒಬ್ಬ ಮೇಡಂ ಎಂಟು ತಿಂಗಳಾದ ಮೇಲೆ ಸ್ಟೇಟಸ್‌ಗೇ ರಿಪ್ಲೈ ಮಾಡಿ ಬುಕ್ ಮಾಡಿದರು.

ಈಗ ರೇಟಿನ ವಿಷಯ. ಇದರಲ್ಲೇ ನಾನು ಜಾಸ್ತಿ ತಪ್ಪು ಮಾಡಿದ್ದು. ಮೊದಲು ಸುಮ್ನೆ "ಏರ್‌ಪೋರ್ಟ್ ಡ್ರಾಪ್ 999" ಅಂತ ಹಾಕಿದ್ದೆ. ಒಬ್ಬರು ಎಲೆಕ್ಟ್ರಾನಿಕ್ ಸಿಟಿ ಆಚೆಯಿಂದ ಫೋನ್ ಮಾಡಿ ಅದೇ 999ಕ್ಕೆ ಬಾ ಅಂದರು. ಅಲ್ಲಿಂದ ದೇವನಹಳ್ಳಿ ಕಡೆಗೆ ಊರನ್ನೇ ಅಡ್ಡ ದಾಟಬೇಕು. ಆಗಲ್ಲ ಸರ್ ಅಂದೆ. "ಹಾಕಿರೋದು ಒಂದು, ಹೇಳೋದು ಒಂದು" ಅಂದರು. ಅವರ ಮಾತು ಸರಿಯಾಗಿಯೇ ಇತ್ತು. ಸ್ಟೇಟಸ್‌ನಲ್ಲಿ ಏರಿಯಾ ಹೆಸರು ಇರಲಿಲ್ಲ, ತಪ್ಪು ನನ್ನದು.

ಆಮೇಲೆ ಕೂತು ಲೆಕ್ಕ ಹಾಕಿದೆ. 2024ರಲ್ಲಿ ಸರ್ಕಾರ ಆ್ಯಪ್ ಕ್ಯಾಬಿಗೂ ಸಿಟಿ ಟ್ಯಾಕ್ಸಿಗೂ ಒಂದೇ ದರ ಮಾಡಿತಲ್ಲ, ಅದನ್ನೇ ಅಳತೆಗೆ ಇಟ್ಟುಕೊಂಡೆ. 10 ಲಕ್ಷದೊಳಗಿನ ಗಾಡಿಗೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24. ರಾತ್ರಿ 12ರಿಂದ ಬೆಳಗ್ಗೆ 6ರವರೆಗೆ ಶೇಕಡಾ 10 ಜಾಸ್ತಿ. ಕತ್ರಿಗುಪ್ಪೆಯಿಂದ ನನ್ನ ಮೀಟರಿನಲ್ಲಿ 44 ಕಿ.ಮೀ. ಬರುತ್ತದೆ. ಅಂದರೆ 100 ರೂಪಾಯಿಯ ಮೇಲೆ ನಲವತ್ತು ಇಪ್ಪತ್ನಾಲ್ಕಲಿ 960, ಒಟ್ಟು 1060. ರಾತ್ರಿಗೆ 1166. ಟೋಲ್ ಬೇರೆ.

ನನ್ನ ಖರ್ಚು ಇನ್ನೊಂದು ಕಡೆ ಬರೆದೆ. ಹೋಗಿ ಬರೋಕೆ 88 ಕಿ.ಮೀ., ಎಸಿ ಹಾಕಿದರೆ ಕೆಜಿ ಗ್ಯಾಸಿಗೆ ನನಗೆ 20 ಕಿ.ಮೀ. ಸಿಗುತ್ತದೆ, ಹಾಗಾಗಿ ಗ್ಯಾಸಿಗೇ ಸುಮಾರು 400. ಸಾದಹಳ್ಳಿ ಟೋಲ್ ನೂರರ ಮೇಲೆ. ವಾಪಸ್ ಖಾಲಿ ಬಂದರೆ ಕೈಯಲ್ಲಿ ಉಳಿಯೋದು 600ರ ಆಸುಪಾಸು, ಅದರಲ್ಲೇ ಲೋನಿನ ಕಂತು, ಟೈರು, ಸರ್ವೀಸ್ ಎಲ್ಲ. ರಾತ್ರಿ ಆದರೆ ಎರಡೂವರೆ ಗಂಟೆಯಲ್ಲಿ ಮನೆಗೆ ಬರುತ್ತೇನೆ, ಸಂಜೆ ಆದರೆ ಹೆಬ್ಬಾಳದಲ್ಲಿ ಸಿಕ್ಕಿಕೊಂಡು ನಾಲ್ಕು ಗಂಟೆ ದಾಟುತ್ತದೆ. ಇದನ್ನೆಲ್ಲ ನೋಡಿ ಹಗಲು 1100, ರಾತ್ರಿ 1200, ಟೋಲ್ ಸೇರಿ ಅಂತ ಮಾಡಿದೆ. ಸಂಜೆ ಜಾಮಿಗೆ ಅಂತ ಒಂದು ರೂಪಾಯಿ ಜಾಸ್ತಿ ಇಲ್ಲ, ಮಳೆಗೂ ಇಲ್ಲ. ಜಾಮಿನ ನಷ್ಟ ನನ್ನದು, ಆದರೆ ಎಷ್ಟು ಹೊತ್ತಿಗೆ ಹೊರಡಬೇಕು ಅನ್ನೋದನ್ನ ನಾನೇ ಹೇಳೋದು. ಅದಕ್ಕೆ ಒಪ್ಪದವರ ಬುಕಿಂಗ್ ತಗೊಳ್ಳಲ್ಲ.

ಈಗ ಹಾಕೋ ಸ್ಟೇಟಸ್ ಇಷ್ಟೇ. ಚಿತ್ರ ಇಲ್ಲ, ಬರೀ ಅಕ್ಷರ:

"ಏರ್‌ಪೋರ್ಟ್ ಡ್ರಾಪ್. ಕತ್ರಿಗುಪ್ಪೆ, ಬನಶಂಕರಿ, ಗಿರಿನಗರ, ಹೊಸಕೆರೆಹಳ್ಳಿ. ಹಗಲು 1100, ರಾತ್ರಿ 12ರಿಂದ 6 ಗಂಟೆ 1200. ಟೋಲ್ ಸೇರಿ. 3 ಜನ, 1 ದೊಡ್ಡ 2 ಚಿಕ್ಕ ಬ್ಯಾಗ್. ಹಿಂದಿನ ದಿನ ಸಂಜೆ 6ರೊಳಗೆ ಬುಕ್ ಮಾಡಿ. ಬೇರೆ ಏರಿಯಾ ಕೇಳಿ ತಿಳಿದುಕೊಳ್ಳಿ."

ಬ್ಯಾಗಿನ ಲೆಕ್ಕ ಯಾಕೆ ಹಾಕಿದೆ ಅಂದರೆ, ಸಿಎನ್‌ಜಿ ಗಾಡಿಯ ಡಿಕ್ಕಿಯಲ್ಲಿ ಸಿಲಿಂಡರ್ ಕೂತಿರುತ್ತದೆ. ಹೊರಗಿನಿಂದ ನೋಡಿದವರಿಗೆ ಅದು ಗೊತ್ತಾಗಲ್ಲ. ಒಂದು ಬೆಳಗಿನ ಜಾವ ಮಗಳನ್ನು ಜರ್ಮನಿಗೆ ಕಳಿಸೋಕೆ ಹೊರಟ ಮನೆಯವರು ಎರಡು ಭಾರೀ ಸೂಟ್‌ಕೇಸ್ ಹೊರಗೆ ತಂದಿಟ್ಟರು. ಡಿಕ್ಕಿ ತೆಗೆದು ತೋರಿಸಿದರೆ ಆ ತಾಯಿ "ಅಯ್ಯೋ, ಇದರಲ್ಲಿ ಎಲ್ಲಪ್ಪಾ ಇಡೋದು?" ಅಂದರು. ಒಂದನ್ನು ಹಿಂದಿನ ಸೀಟಿನಲ್ಲಿ ನಿಲ್ಲಿಸಿ, ಅಪ್ಪ ಮನೆಯಲ್ಲೇ ಉಳಿದು, ತಾಯಿ ಮಗಳು ಮಾತ್ರ ಬಂದರು. ಮಗಳನ್ನು ಬೀಳ್ಕೊಡೋಕೆ ಬರಬೇಕಾಗಿದ್ದ ಅಪ್ಪ ಗೇಟಿನಲ್ಲೇ ನಿಂತು ಕೈ ಬೀಸಿದರು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಅವತ್ತೇ ಡಿಕ್ಕಿಯಲ್ಲಿ ಒಂದು ದೊಡ್ಡ ಬ್ಯಾಗ್ ಇಟ್ಟು ಫೋಟೋ ತೆಗೆದೆ. ಈಗ ಬುಕ್ ಮಾಡಿದವರಿಗೆಲ್ಲ ಮೊದಲು ಆ ಫೋಟೋ ಕಳಿಸುತ್ತೇನೆ. ಸಾಮಾನು ಜಾಸ್ತಿ ಇದ್ದರೆ ನನ್ನ ಗೆಳೆಯನ ಎರ್ಟಿಗಾ ಹೇಳುತ್ತೇನೆ, ರೇಟ್ ಬೇರೆ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಬುಕಿಂಗಿನಲ್ಲಿ ಎಲ್ಲಕ್ಕಿಂತ ಅಪಾಯದ್ದು ತಾರೀಖು. ಒಬ್ಬ ಹಿರಿಯರು "ಶನಿವಾರ ರಾತ್ರಿ ಒಂದೂವರೆಗೆ ಬಾಪ್ಪಾ" ಅಂತ ಮೆಸೇಜ್ ಹಾಕಿದ್ದರು. ನಾನು ಶನಿವಾರ ಊಟ ಮಾಡಿ ಮಲಗಿ ಎದ್ದು ಹೋಗೋದು ಅಂದುಕೊಂಡೆ. ಅವರ ಟಿಕೆಟಿನಲ್ಲಿ ಶನಿವಾರ ಬೆಳಗಿನ ಜಾವದ ವಿಮಾನ. ಶುಕ್ರವಾರ ಮಲಗಿದ್ದೇನೆ, 1:40ಕ್ಕೆ ಫೋನು. "ಎಲ್ಲಿದ್ದೀಯಪ್ಪಾ, ನಾವು ಗೇಟಲ್ಲಿ ನಿಂತಿದ್ದೀವಿ." ಪುಣ್ಯಕ್ಕೆ ಬನಶಂಕರಿ ಮೂರನೇ ಹಂತ, ಹತ್ತಿರ. ಮುಖ ತೊಳೆದು ಓಡಿದೆ. ರಸ್ತೆ ಖಾಲಿ ಇತ್ತು, ಮೂರು ಗಂಟೆ ಆಗೋ ಹೊತ್ತಿಗೆ ಬಿಟ್ಟೆ, ವಿಮಾನ ಸಿಕ್ಕಿತು. ಆದರೆ ದಾರಿಯುದ್ದಕ್ಕೂ ಅವರ ಜೊತೆಗಿದ್ದ ಅಜ್ಜಿ ಕೈಯಲ್ಲಿ ಟಿಕೆಟ್ ಹಿಡಿದುಕೊಂಡು ಕೂತಿದ್ದನ್ನು ಕನ್ನಡಿಯಲ್ಲಿ ನೋಡುತ್ತಾ ಇದ್ದೆ.

ಅವತ್ತಿನಿಂದ ಪಿಕಪ್ ಟೈಮ್ ನಾನು ಯಾರನ್ನೂ ಕೇಳಲ್ಲ. ವಿಮಾನ ಹೊರಡೋ ತಾರೀಖು, ಟೈಮು, ಟರ್ಮಿನಲ್ ಇಷ್ಟೇ ಕೇಳುತ್ತೇನೆ, ಆದರೆ ಟಿಕೆಟಿನ ಫೋಟೋ ಕಳಿಸಿ ಅನ್ನಲ್ಲ, ಅದರಲ್ಲಿ ಅವರ ಬುಕಿಂಗ್ ನಂಬರ್ ಎಲ್ಲ ಇರುತ್ತದೆ, ನನಗೆ ಅದು ಬೇಡ. ಪಿಕಪ್ ಹಿಂದಕ್ಕೆ ಎಣಿಸುತ್ತೇನೆ. ಈಗ ಸೋಮವಾರ ಬೆಳಗ್ಗೆ 5:55ರ ವಿಮಾನ ಅಂದುಕೊಳ್ಳಿ. ದೇಶದೊಳಗಿನದ್ದಾದರೆ ಎರಡು ಗಂಟೆ ಮೊದಲು ಬಾಗಿಲಲ್ಲಿ ಇರಬೇಕು, ಅಂದರೆ 3:55. ಆ ಹೊತ್ತಲ್ಲಿ ಮೇಖ್ರಿ ಸರ್ಕಲ್ ಮೇಲೆ ಹೋದರೆ ಒಂದು ಗಂಟೆ ಸಾಕು, 2:55. ಸಾಮಾನು ತುಂಬಿ, ಲೈಟ್ ಆರಿಸಿ, ಬೀಗ ಹಾಕಿ ಬರೋಕೆ ಹತ್ತು ನಿಮಿಷ. ಪಿಕಪ್ 2:45. ಆಮೇಲೆ ಹೀಗೆ ಬರೆದು ಕಳಿಸುತ್ತೇನೆ: "24 ಭಾನುವಾರ ರಾತ್ರಿ ಮಲಗಿ ಎದ್ದ ಮೇಲೆ, 25 ಸೋಮವಾರ ಬೆಳಗಿನ ಜಾವ 2:45ಕ್ಕೆ ನಿಮ್ಮ ಮನೆ ಮುಂದೆ. ಸರಿ ಅಂತ ತಿಳಿಸಿ." ಎರಡೂ ದಿನದ ಹೆಸರು ಇರಬೇಕು. ಅವರು ಸರಿ ಅಂದ ಮೇಲೆ 200 ರೂಪಾಯಿ ಅಡ್ವಾನ್ಸ್. ಅಡ್ವಾನ್ಸ್ ಬಂದರೆ ಮಾತ್ರ ಡೈರಿಯಲ್ಲಿ ಪೆನ್ನಿನಲ್ಲಿ ಬರೆಯೋದು, ಅಲ್ಲಿಯವರೆಗೆ ಪೆನ್ಸಿಲ್. ಹಿಂದಿನ ದಿನ ಸಂಜೆ 6ರೊಳಗೆ ಕ್ಯಾನ್ಸಲ್ ಮಾಡಿದರೆ ಪೂರ್ತಿ ವಾಪಸ್ ಕೊಡುತ್ತೇನೆ. ನಾನೇ ಹೋಗೋಕೆ ಆಗದೆ ಗೆಳೆಯನನ್ನು ಕಳಿಸಿದರೂ ರೇಟ್ ಅದೇ. ಅವನ ಗಾಡಿ ನಂಬರ್ ಹಿಂದಿನ ರಾತ್ರಿಯೇ ಕಳಿಸುತ್ತೇನೆ, ಬೇರೆ ಮುಖ ನೋಡಿ ಹೆಂಗಸರು ಗಾಬರಿ ಆಗಬಾರದು.

ಟರ್ಮಿನಲ್ ಕೇಳೋದು ಮರೆಯಬೇಡಿ. ವಿದೇಶದ ವಿಮಾನ ಎಲ್ಲ ಟರ್ಮಿನಲ್ 2ರಿಂದ. ದೇಶದೊಳಗಿನದ್ದು ಒಂದೊಂದು ಕಂಪನಿಗೆ ಒಂದೊಂದು. ಹೋದ ಸಲ ಇಲ್ಲೇ ಇಳಿದಿದ್ದೆ ಅನ್ನೋರ ಮಾತು ನಂಬದೆ ಟಿಕೆಟ್ ನೋಡಿ ಹೇಳಿ ಅನ್ನಬೇಕು.

ಏರ್‌ಪೋರ್ಟಿನಿಂದ ಪಿಕಪ್ ಇದೆಯಾ ಅಂತ ತುಂಬ ಜನ ಕೇಳುತ್ತಾರೆ. ಸ್ಟೇಟಸ್‌ನಲ್ಲಿ ಅದನ್ನು ಹಾಕಲ್ಲ. ವಿಮಾನ ಲೇಟಾಗುತ್ತದೆ, ಬ್ಯಾಗ್ ಲೇಟಾಗುತ್ತದೆ, ಪಾರ್ಕಿಂಗ್ ದುಡ್ಡು ಏರುತ್ತಾ ಹೋಗುತ್ತದೆ, ಅದಕ್ಕೆ ಒಂದೇ ರೇಟ್ ಅಂತ ಹೇಳೋಕೆ ನನಗೆ ಧೈರ್ಯ ಇಲ್ಲ. ನಾನೇ ಬಿಟ್ಟು ಬಂದವರು ಕೇಳಿದರೆ ಹೋಗುತ್ತೇನೆ, ಪಾರ್ಕಿಂಗ್ ಅವರದ್ದು.

ಸ್ಟೇಟಸ್ 24 ಗಂಟೆಗೆ ಹೋಗಿಬಿಡುತ್ತದೆ. ಅದಕ್ಕೆ ಬುಧವಾರ ಮತ್ತು ಗುರುವಾರ ರಾತ್ರಿ ಎಂಟೂವರೆಗೆ ಹಾಕುತ್ತೇನೆ, ಊಟ ಆದ ಮೇಲೆ ಜನ ಫೋನ್ ನೋಡೋ ಹೊತ್ತು ಅದು, ವಾರದ ಕೊನೆಗೆ ಊರಿಗೆ ಹೋಗೋರು ಆಗಲೇ ಯೋಚನೆ ಮಾಡುತ್ತಿರುತ್ತಾರೆ. ದಿನಾ ಹಾಕಿದರೆ ಜನ ಮ್ಯೂಟ್ ಮಾಡುತ್ತಾರೆ, ನಾನೂ ಬೇರೆಯವರದ್ದು ಹಾಗೇ ಮಾಡಿದ್ದೇನೆ. ಬುಕಿಂಗ್ ತುಂಬಿದ ಕೂಡಲೇ ಹಳೇ ಸ್ಟೇಟಸ್ ಡಿಲೀಟ್ ಮಾಡಿ "ಶುಕ್ರವಾರ ರಾತ್ರಿ ಫುಲ್, ಶನಿವಾರ ಬೆಳಗ್ಗೆ 10ರ ಮೇಲೆ ಖಾಲಿ" ಅಂತ ಹಾಕುತ್ತೇನೆ. ಒಂದು ರಾತ್ರಿಗೆ ಎರಡೇ ಡ್ರಾಪ್, ಮೂರನೆಯದು ಎಷ್ಟು ಕೊಟ್ಟರೂ ಇಲ್ಲ, ನಾಲ್ಕು ಗಂಟೆ ಹೊತ್ತಿನಲ್ಲಿ ಬಳ್ಳಾರಿ ರಸ್ತೆಯಲ್ಲಿ ಕಣ್ಣು ಎಳೆಯೋದು ನನಗೆ ಗೊತ್ತು. ಈ ವಾರದ್ದು ಫುಲ್ ಆಗಿದೆ, ಈಗಷ್ಟೇ ಬದಲಾಯಿಸಿ ಬಂದೆ.