ಬಚ್ಚಲಲ್ಲಿ ನನ್ನ ಗಾಂಧಾರ ಮಾತ್ರ ಯಾಕೆ ಉಬ್ಬುತ್ತದೆ?

ನಾನು ಹವ್ಯಾಸಕ್ಕೆ ಕರ್ನಾಟಕ ಸಂಗೀತ ಹಾಡುವವನು. ಶ್ರುತಿ ಬಿಳಿ ಒಂದು. ಬಚ್ಚಲಲ್ಲಿ ದನಿ ಚೆನ್ನಾಗಿ ಕೇಳುತ್ತದೆ ಅನ್ನೋದು ಎಲ್ಲರಿಗೂ ಗೊತ್ತಿರುವ ವಿಷಯ. ನನ್ನ ತಲೆ ತಿಂದದ್ದು ಬೇರೆ. ಮಾಯಾಮಾಳವಗೌಳದ ಸರಳೆ ವರಸೆ ಹಾಡುತ್ತಾ ಗಾಂಧಾರಕ್ಕೆ ಬಂದ ಕೂಡಲೇ ದನಿ ಉಬ್ಬುತ್ತಿತ್ತು, ಅದರ ಪಕ್ಕದ ಮಧ್ಯಮಕ್ಕೆ ಹೋದರೆ ಆ ಜೋರು ಇಲ್ಲ. ಗಂಟಲು ಅದೇ, ಉಸಿರೂ ಅದೇ, ಮತ್ತೆ ಯಾಕೆ?

ಟೇಪು ಹಿಡಿದು ಅಳೆದೆ. ನಮ್ಮ ಬಚ್ಚಲು ಉದ್ದ 7 ಅಡಿ, ಅಗಲ 5 ಅಡಿ, ಸುತ್ತ ಟೈಲ್ಸು. 7 ಅಡಿ ಅಂದರೆ ಸುಮಾರು 2.13 ಮೀಟರ್. ಬೆಚ್ಚಗಿನ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 347 ಮೀಟರ್ ಹೋಗುತ್ತದೆ. 347ನ್ನು 2.13ರಿಂದ ಭಾಗಿಸಿದರೆ 163 ಹರ್ಟ್ಸ್ ಬರುತ್ತದೆ. ಅಂದರೆ 163 ಹರ್ಟ್ಸಿನ ಒಂದು ಪೂರ್ತಿ ಅಲೆ ಈ ಗೋಡೆಯಿಂದ ಆ ಗೋಡೆಗೆ ಸರಿಯಾಗಿ ಕೂರುತ್ತದೆ, ಹೋದ ಶಬ್ದವೂ ವಾಪಸು ಬಂದ ಶಬ್ದವೂ ಒಂದರ ಮೇಲೊಂದು ಬಿದ್ದು ಬೆಳೆಯುತ್ತವೆ. ಈಗ ನನ್ನ ಶ್ರುತಿ ನೋಡಿ. ಷಡ್ಜ 130.8 ಹರ್ಟ್ಸ್, ಅಂತರ ಗಾಂಧಾರ ಅದರ ಒಂದೂಕಾಲು ಪಟ್ಟು, 163.5. ಮಧ್ಯಮ ಆಗಲೇ 174 ದಾಟಿರುತ್ತದೆ. ಸುಮ್ನೆ ಬಚ್ಚಲಿನ ಅಳತೆ ನನ್ನ ಗಾಂಧಾರಕ್ಕೆ ಹೊಂದಿಕೊಂಡಿತ್ತು, ಅಷ್ಟೇ! ಬೇರೆ ಅಳತೆಯ ಬಚ್ಚಲಲ್ಲಿ ಬೇರೆ ಸ್ವರ ಉಬ್ಬುತ್ತದೆ.

ನಿಮ್ಮ ಮನೆಯಲ್ಲಿ ಯಾವ ಸ್ವರ ಅಂತ ಕಂಡುಹಿಡಿಯಲು ಲೆಕ್ಕ ಬೇಡ. ನೀರು ನಿಲ್ಲಿಸಿ, ಬಾಗಿಲು ಹಾಕಿ, ಬಾಯಿ ಮುಚ್ಚಿ ತಗ್ಗಿನ ಸ್ವರದಿಂದ ಮೇಲಕ್ಕೆ ನಿಧಾನವಾಗಿ ಜಾರುತ್ತಾ ಗುನುಗಿ. ದನಿ ಏರಿಸಬೇಡಿ. ಎಲ್ಲೋ ಒಂದು ಕಡೆ ಇದ್ದಕ್ಕಿದ್ದಂತೆ ಕೋಣೆ ಗುಂಯ್ ಅನ್ನುತ್ತದೆ, ಅಲ್ಲಿ ನಿಲ್ಲಿ. ನಾನು ಆ ಸ್ವರ ಹಿಡಿದುಕೊಂಡೇ ಉದ್ದಕ್ಕೆ ನಡೆದು ನೋಡಿದೆ. ಗೋಡೆಯ ಹತ್ತಿರ ಮತ್ತು ನಟ್ಟನಡುವೆ ಜಾಸ್ತಿ, ಗೋಡೆಯಿಂದ ಒಂದೂಮುಕ್ಕಾಲು ಅಡಿ ದೂರದಲ್ಲಿ, ಅಂದರೆ ಉದ್ದದ ಕಾಲು ಭಾಗದಲ್ಲಿ, ಕಡಿಮೆ. ಪೂರ್ತಿ ಇಲ್ಲವಾಗುವುದಿಲ್ಲ. ನೆಲ, ಚಾವಣಿ, ಅಡ್ಡಗೋಡೆಗಳ ನಡುವಿನ ಅಲೆಗಳೂ ಜೊತೆಗೆ ಸೇರಿರುತ್ತವೆ. ತಾರಸ್ಥಾಯಿಗೆ ಹೋದಂತೆ ಇಂಥ ಅಲೆಗಳು ಎಷ್ಟು ಒತ್ತೊತ್ತಾಗುತ್ತವೆ ಅಂದರೆ ಯಾವುದೋ ಒಂದು ಸ್ವರ ಎದ್ದು ಕಾಣುವುದೇ ಇಲ್ಲ.

ಆದರೆ ಎಲ್ಲ ಸ್ವರವೂ ಸ್ವಲ್ಪ ಚೆನ್ನಾಗಿಯೇ ಕೇಳುತ್ತದಲ್ಲ, ಅದಕ್ಕೆ ಕಾರಣ ಟೈಲ್ಸು. ಬಿದ್ದ ಶಬ್ದದಲ್ಲಿ ನೂರಕ್ಕೆ ಒಂದೆರಡು ಪಾಲನ್ನಷ್ಟೇ ಅದು ಹೀರುತ್ತದೆ, ಉಳಿದದ್ದೆಲ್ಲ ವಾಪಸು. ಚಪ್ಪಾಳೆ ಹೊಡೆದು ಫೋನಿನಲ್ಲಿ ರೆಕಾರ್ಡ್ ಮಾಡಿದಾಗ ಅದರ ಬಾಲ ಬಚ್ಚಲಲ್ಲಿ ಒಂದು ಸೆಕೆಂಡು ದಾಟಿತು, ಹಾಸಿಗೆ ಪರದೆ ಇರುವ ಮಲಗುವ ಕೋಣೆಯಲ್ಲಿ ಅರ್ಧ ಸೆಕೆಂಡೂ ಬರಲಿಲ್ಲ. ಆ ಬಾಲವೇ ನಮ್ಮನ್ನು ಕಾಪಾಡುವುದು. ಉಸಿರು ತೆಗೆದುಕೊಳ್ಳುವ ಸಂದು ಮುಚ್ಚಿಹೋಗುತ್ತದೆ, ಸ್ವರ ಒಂಚೂರು ನಡುಗಿದರೂ ಹಿಂದಿನ ಕ್ಷಣದ ನಾದ ಅದರ ಮೇಲೆ ಹರಡಿರುತ್ತದೆ, ಜೊತೆಗೆ ಕಡಿಮೆ ದನಿಯಲ್ಲೇ ದೊಡ್ಡದಾಗಿ ಕೇಳುವುದರಿಂದ ಗಂಟಲು ಬಿಗಿಯುವುದಿಲ್ಲ. ಬಿಸಿನೀರಿನ ಹಬೆಯಿಂದ ಅಂತ ಕೆಲವರು ಹೇಳುತ್ತಾರೆ. ಹಬೆ ಗಂಟಲಿಗೆ ಹಿತವೇ, ಆದರೆ ನಾನು ಒಣಗಿದ ಬಚ್ಚಲಲ್ಲಿ ಹಾಡಿದಾಗಲೂ ಗಾಂಧಾರ ಹಾಗೇ ಉಬ್ಬಿತು. ಹಗ್ಗಕ್ಕೆ ದಪ್ಪನೆಯ ಕಂಬಳಿ ಹರವಿದಾಗ ಮಾತ್ರ ಮಜಾ ಅರ್ಧಕ್ಕರ್ಧ ಹೋಯಿತು. (ಊರಿನ ಹಂಚಿನ ಬಚ್ಚಲಲ್ಲಿ ಹೀಗೆ ಗುಂಯ್ ಅನ್ನುವುದೇ ಇಲ್ಲ, ಶಬ್ದ ಹಂಚಿನ ಸಂದಿಯಿಂದ ಆಚೆ ಹೋಗಿಬಿಡುತ್ತದೆ.)

ಇದನ್ನು ಸ್ಟುಡಿಯೋದವರು ಬಹಳ ಹಿಂದೆಯೇ ಬಳಸಿಕೊಂಡಿದ್ದಾರೆ. 1947ರಲ್ಲಿ ಷಿಕಾಗೋದ ಬಿಲ್ ಪಟ್ನಮ್ ತಮ್ಮ ಸ್ಟುಡಿಯೋದ ಬಾತ್‌ರೂಮನ್ನೇ ಪ್ರತಿಧ್ವನಿಯ ಕೋಣೆಯಾಗಿ ಬಳಸಿ ಹಾರ್ಮೋನಿಕಾ ತಂಡವೊಂದರ ರೆಕಾರ್ಡಿಂಗ್ ಮಾಡಿದ್ದರು.

ನನ್ನ ಅಭ್ಯಾಸದಲ್ಲಿ ಈಗ ಒಂದು ವಿಂಗಡಣೆ ಇದೆ. ಮಂದ್ರದ ದೀರ್ಘ ಅಕಾರಗಳು ಬಚ್ಚಲಲ್ಲಿ, ಯಾಕೆಂದರೆ ದನಿ ಒತ್ತದೆ ಹಾಡುವುದು ಅಲ್ಲಿ ತಾನಾಗಿ ಬರುತ್ತದೆ. ಮೂರನೇ ಕಾಲದ ವರಸೆ, ಬಿರುಕಾ, ಗಮಕದ ಕೆಲಸ ಅಲ್ಲಿ ಬೇಡವೇ ಬೇಡ. ಒಂದು ಸ್ವರದ ಬಾಲ ಮುಂದಿನ ನಾಲ್ಕೈದು ಸ್ವರಗಳ ಮೇಲೆ ಬಿದ್ದಿರುವಾಗ ಯಾವುದು ತಪ್ಪಿತು ಅಂತ ಹೇಗೆ ತಿಳಿಯಬೇಕು? ಅನುಮಾನ ಇದ್ದರೆ ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದು ಬಚ್ಚಲಲ್ಲೇ ರೆಕಾರ್ಡ್ ಮಾಡಿ, ಆಮೇಲೆ ಹೆಡ್‌ಫೋನ್ ಹಾಕಿ ಮಲಗುವ ಕೋಣೆಯಲ್ಲಿ ಕೇಳಿ. ಅಷ್ಟು ಹತ್ತಿರದಲ್ಲಿ ಗೋಡೆಗಿಂತ ನಿಮ್ಮ ಬಾಯಿಯ ಶಬ್ದವೇ ಜಾಸ್ತಿ ಸಿಗುತ್ತದೆ, ನಿಷಾದ ಎಲ್ಲಿ ಇಳಿದಿದೆ ಅನ್ನೋದು ಅಲ್ಲಿ ಗೊತ್ತಾಗುತ್ತದೆ.