ಓಆರ್‌ಎಸ್ ಕೈಯಂದಾಜಿನ ಅಡುಗೆ ಅಲ್ಲ

ಹುಳಿಗೆ ಉಪ್ಪು, ಸಾರಿಗೆ ಹುಣಸೆಹಣ್ಣು ನಾನು ಯಾವತ್ತೂ ಅಳೆದು ಹಾಕಿದವಳಲ್ಲ. ಆದರೆ ಮಗುವಿಗೆ ಭೇದಿ ಹತ್ತಿದಾಗ ಓಆರ್‌ಎಸ್ ಪುಡಿಯನ್ನೂ ಅದೇ ಕೈಯಂದಾಜಿನಲ್ಲಿ ಕಲಸೋರನ್ನ ಕಂಡರೆ ಸಿಟ್ಟು ನೆತ್ತಿಗೇರುತ್ತೆ. ಮೊನ್ನೆ ಪಕ್ಕದ ಮನೆ ಹುಡುಗಿ ಒಂದೂವರೆ ವರ್ಷದ ಕೂಸಿಗೆ ದೊಡ್ಡ ಪ್ಯಾಕೆಟ್ಟನ್ನ ಪೂರ್ತಿ ಒಂದು ಲೋಟ ನೀರಿಗೆ ಸುರಿದು, “ಗಟ್ಟಿಯಾಗಿದ್ರೆ ಬೇಗ ಶಕ್ತಿ ಬರುತ್ತಲ್ವಾ ಅಜ್ಜಿ” ಅಂದಳು. ಆ ಪ್ಯಾಕೆಟ್ ಇರೋದು ಒಂದು ಲೀಟರಿಗೆ. ಲೋಟಕ್ಕೆ ಹಾಕಿದರೆ ಐದು ಪಟ್ಟು ಉಪ್ಪು! ಚೆಲ್ಲು ಅಂದೆ, ಚೆಲ್ಲಿಸಿದೆ.

ಯಾಕೆ ಅಂತ ತಿಳ್ಕೊಳ್ಳಿ. ಭೇದಿಯಾಗೋವಾಗ ಬರೀ ನೀರು ಕೊಟ್ಟರೆ ಕರುಳು ಸರಿಯಾಗಿ ಹೀರೋದಿಲ್ಲ, ಹೋದ ಉಪ್ಪೂ ತುಂಬೋದಿಲ್ಲ. ಕರುಳಿನ ಗೋಡೆಯಲ್ಲಿ ಉಪ್ಪು, ಗ್ಲೂಕೋಸ್ ಎರಡೂ ಜೋಡಿಯಾಗಿ ಬಂದರೆ ಮಾತ್ರ ತೆರೆಯೋ ಬಾಗಿಲಿದೆ. ಅವು ಒಳಗೆ ಹೋದರೆ ಹಿಂದೆ ನೀರೂ ಹೋಗುತ್ತೆ. ಎಷ್ಟೇ ಭೇದಿಯಾದರೂ ಆ ಬಾಗಿಲು ಸಾಮಾನ್ಯವಾಗಿ ಕೆಲಸ ಮಾಡ್ತಾನೇ ಇರುತ್ತೆ. ಪುಡಿ ಹೆಚ್ಚಾದರೆ ಉಲ್ಟಾ: ಮೈಯಲ್ಲಿರೋ ನೀರನ್ನೇ ಕರುಳಿಗೆ ಎಳೆಯುತ್ತೆ, ರಕ್ತದಲ್ಲಿ ಉಪ್ಪೇರುತ್ತೆ. ಅಂಗಡಿಯ ಸಿಹಿ ಜ್ಯೂಸು, ಸೋಡಾ ಕೊಟ್ಟರೂ ಸಕ್ಕರೆಯ ದೆಸೆಯಿಂದ ಭೇದಿ ಜಾಸ್ತಿಯಾಗುತ್ತೆ. ಆದ್ದರಿಂದ ಒಂದು ಲೀಟರಿನ ನೀರಿನ ಬಾಟಲಿ ತೊಳೆದು ಅಳತೆಗೇ ಅಂತ ಎತ್ತಿಡಿ. ಕಾಯಿಸಿ ಆರಿಸಿದ ನೀರು ಅದರ ತುಂಬ ಅಳೆದು, ಪೂರ್ತಿ ಪ್ಯಾಕೆಟ್ ಕಲಸಿ. ಪುಟ್ಟ ಪ್ಯಾಕೆಟ್ಟಾದರೆ 200 ಮಿಲಿಗೆ. ಮೇಲೆ ಬರೆದಿರುತ್ತೆ, ಓದಿ. ಮೇಲಿಂದ ಸಕ್ಕರೆ, ಹಾಲು ಏನೂ ಬೇಡ. ಮಾರನೇ ದಿನಕ್ಕೆ ಉಳಿದಿದ್ದು ಚೆಲ್ಲಿ.

ಇನ್ನು ಕುಡಿಸೋದು. ಇಲ್ಲೇ ಎಲ್ಲರೂ ಎಡವೋದು. ಬಾಯಾರಿದ ಮಗು ಲೋಟಕ್ಕೆ ಬಾಯಿ ಹಾಕಿ ಗಟಗಟ ಕುಡಿಯುತ್ತೆ, ಬುಳಕ್ಕನೆ ವಾಂತಿ ಮಾಡುತ್ತೆ, ತಾಯಿ “ಇದಕ್ಕೆ ಒಗ್ಗಲ್ಲ” ಅಂತ ನಿಲ್ಲಿಸಿಬಿಡ್ತಾಳೆ. ಚಮಚೆ ತಗೊಳ್ಳಿ. ಮಗುವನ್ನ ತೊಡೆ ಮೇಲೆ ತಲೆ ಎತ್ತರವಾಗಿ ಕೂರಿಸ್ಕೊಳ್ಳಿ. ಮಲಗಿಸಿ ಒಳಲೆಯಲ್ಲಿ ಸುರಿಯೋದು ಬೇಡ. ಗೋಡೆ ಗಡಿಯಾರದ ಎದುರು ಕೂತು ನಿಮಿಷಕ್ಕೊಂದು ಚಮಚೆ, ಕೆನ್ನೆಯ ಒಳಬದಿಗೆ ಬಿಡಿ. ನುಂಗಿದ್ದು ಕಂಡ ಮೇಲೇ ಇನ್ನೊಂದು. ಚಮಚೆ ಸಣ್ಣದು ಅನ್ನಬೇಡಿ, ಐದು ಮಿಲಿ ಅಂತ ಹಿಡಿದರೂ ಗಂಟೆಗೆ 300 ಮಿಲಿ ಒಳಗಿರುತ್ತೆ. ವಾಂತಿಯಾದರೆ ಹತ್ತು ನಿಮಿಷ ತಡೆದು, ಮತ್ತೆ ಶುರು, ಇನ್ನೂ ನಿಧಾನಕ್ಕೆ. ಪಕ್ಕದ ಮನೆ ಕೂಸಿಗೆ ನಾನೇ ಹೀಗೆ ಕೂತು ಕುಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಉಚ್ಚೆ ಹೊಯ್ತು, ಅತ್ತಾಗ ಕಣ್ಣಲ್ಲಿ ನೀರೂ ಬಂತು. ಭೇದಿ ಇನ್ನೂ ಆಗ್ತಾನೇ ಇತ್ತು. ಓಆರ್‌ಎಸ್ ಭೇದಿ ಕಟ್ಟಿಸೋ ಔಷಧಿಯಲ್ಲ ಕಣ್ರೇ, ಹೋದ ನೀರು ತುಂಬಿಸೋದು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ ಕಾಲಿಂದ ಅರ್ಧ ಲೋಟ, ದೊಡ್ಡದಕ್ಕೆ ಅರ್ಧದಿಂದ ಒಂದು ಲೋಟ. ದೊಡ್ಡವರ ಭೇದಿ ನಿಲ್ಲಿಸೋ ಮಾತ್ರೆ ಮುರಿದು ಕೊಟ್ಟೀರಿ, ಜೋಕೆ.

ಮಂಡ್ಯದಲ್ಲಿ ನಮ್ಮ ಅತ್ತೆ ಮನೆ ಕಡೆ ಹಿಂದೆ “ನೀರು ಕೊಟ್ಟಷ್ಟೂ ಹೋಗುತ್ತೆ” ಅಂತ ಬಾಯಿ ಕಟ್ಟಿ ಮಲಗಿಸ್ತಿದ್ರು. ಈಗಲೂ “ಹಲ್ಲು ಬರ್ತಿದೆ” ಅಂತ ಸುಮ್ಮನಿರೋರಿದ್ದಾರೆ. ಎದೆಹಾಲು ನಿಲ್ಲಿಸಬೇಡಿ, ಮೆತ್ತಗಿನ ಮೊಸರನ್ನ, ಬೇಳೆಕಟ್ಟು ಎರಡೆರಡು ತುತ್ತು ಕೊಡ್ತಿರಿ. ಮಲದ ಬಟ್ಟೆಗೆ ಮೊದಲೇ ಬಿಸಿನೀರು ಸುರೀಬೇಡಿ, ಕಲೆ ಕೂತುಬಿಡುತ್ತೆ. ತಣ್ಣೀರಲ್ಲಿ ಜಾಲಿಸಿ ಆಮೇಲೆ ಬಿಸಿನೀರು, ಸೋಪು. ಕೈ ಮಾತ್ರ ಸೋಪಲ್ಲಿ ಉಜ್ಜಿ ತೊಳ್ಕೊಂಡೇ ಚಮಚೆ ಮುಟ್ಟಿ.

ಜಿಂಕ್ ಮಾತ್ರೆ ಆಶಾ ಕಾರ್ಯಕರ್ತೆ ಹತ್ರ ಸಿಗುತ್ತೆ. ಆರು ತಿಂಗಳು ದಾಟಿದ್ದಕ್ಕೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳಿನದಕ್ಕೆ 10. ಒಂದು ಚಮಚೆ ಕಾಯಿಸಿ ಆರಿಸಿದ ನೀರಲ್ಲೋ ಎದೆಹಾಲಲ್ಲೋ ಕರಗಿಸಿ ಕೊಡಿ. ಭೇದಿ ಮೂರನೇ ದಿನಕ್ಕೇ ನಿಂತರೂ 14 ದಿನ ಪೂರ್ತಿ ಮಾಡಬೇಕು. ಸೊರಗಿದ ಕರುಳು ಚೇತರಿಸಿಕೊಳ್ಳೋದಕ್ಕೆ, ಮುಂದಿನ ಎರಡು ಮೂರು ತಿಂಗಳು ಭೇದಿ ಮತ್ತೆ ಹತ್ತದೆ ಇರೋದಕ್ಕೇ ಅದು. ಅರ್ಧಕ್ಕೆ ಬಿಟ್ಟು ಡಬ್ಬಿಯಲ್ಲಿಟ್ಟರೆ ಏನು ಬಂತು?

ಮಗು ಹಟ ಮಾಡ್ತಾ, ಆಸೆಬುರುಕನ ಹಾಗೆ ನೀರಿಗೆ ಬೀಳ್ತಿದೆ, ಕಣ್ಣು ಗುಳಿಬಿದ್ದಿದೆ ಅಂದರೆ ನೀರು ಆಗಲೇ ಕಡಿಮೆಯಾಗಿದೆ. ಕುಡಿಸ್ತಾನೇ ಆಸ್ಪತ್ರೆಗೆ ಹೊರಡಿ. ಹೊಕ್ಕುಳ ಪಕ್ಕದ ಚರ್ಮ ಚಿವುಟಿ ಬಿಡಿ. ತಕ್ಷಣ ಮಟ್ಟವಾಗದೆ ಎರಡು ಸೆಕೆಂಡಿಗಿಂತ ಹೆಚ್ಚು ಮಡಿಕೆಯಾಗೇ ನಿಂತರೆ, ಕರೆದರೂ ಕಣ್ಣು ಬಿಡದೆ ಜೋತುಬಿದ್ದರೆ, ಕುಡಿಯೋಕೇ ಆಗದಿದ್ದರೆ ಒಂದು ಗಳಿಗೆಯೂ ಕಾಯಬೇಡಿ, ಡ್ರಿಪ್ ಬೇಕಾಗುತ್ತೆ. ಆರು ಗಂಟೆ ಉಚ್ಚೆ ಇಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಎರಡು ತಿಂಗಳೊಳಗಿನ ಕೂಸಾದರೂ ಮನೆಯಲ್ಲಿಟ್ಟುಕೊಳ್ಳೋ ಹಾಗಿಲ್ಲ. ಮೈಸೂರಲ್ಲಿದ್ದರೆ ಚೆಲುವಾಂಬ ಆಸ್ಪತ್ರೆ, ಮಂಡ್ಯದಲ್ಲಿದ್ದರೆ ಮಿಮ್ಸ್ ಆಸ್ಪತ್ರೆ. ಆಟೋದಲ್ಲೂ ಎಚ್ಚರವಿರೋ ಮಗುವಿಗೆ ಚಮಚೆ ನಿಲ್ಲಿಸಬೇಡಿ. ಮಂಪರಾಗಿರೋ ಮಗುವಿನ ಬಾಯಿಗೆ ಮಾತ್ರ ಒಂದು ತೊಟ್ಟೂ ಬಿಡಬೇಡಿ, ಶ್ವಾಸಕ್ಕೆ ಹೋಗುತ್ತೆ.