ಅರಿಶಿನ ಶಾಸ್ತ್ರಕ್ಕೆ ಕರೆದಿದ್ದಾರೆ, ಯಾವ ಹಳದಿ ಉಡೋಣ?

ಈಗ ಮದುವೆ ಕರೆಯೋಲೆಯ ಹಿಂದೆಯೇ ವಾಟ್ಸಾಪ್‌ನಲ್ಲಿ ಇನ್ನೊಂದು ಸಾಲು ಬರುತ್ತದೆ. ಹಳದಿ ಫಂಕ್ಷನ್‌ಗೆ ಎಲ್ಲರೂ ಹಳದಿ ಬಟ್ಟೆಯಲ್ಲೇ ಬನ್ನಿ ಅಂತ. ಸರಿ, ಬೀರು ತೆಗೆದು ನೋಡಿದರೆ ಹಳದಿ ಅನ್ನುವಂಥವು ಮೂರ್ನಾಲ್ಕು ಇರುತ್ತವೆ, ಯಾವುದೋ ಒಂದನ್ನು ಎಳೆದು ಇಸ್ತ್ರಿ ಮಾಡಿ ಇಟ್ಟುಬಿಡುತ್ತೇವೆ. ಆಮೇಲೆ ಫೋಟೋ ಬಂದಾಗ ಒಬ್ಬರ ಪಕ್ಕ ಒಬ್ಬರು ನಿಂತಿರುವುದು ಕಣ್ಣಿಗೆ ಚುಚ್ಚುತ್ತದೆ, ಆದರೆ ಯಾಕೆ ಅಂತ ಗೊತ್ತಾಗುವುದಿಲ್ಲ. ಎಲ್ಲರೂ ಹಳದಿಯೇ ಹಾಕಿದ್ದಾರೆ ಅಲ್ವಾ?

ಅಲ್ಲೇ ಇರುವುದು ತೊಂದರೆ. ಹಳದಿಗೆ ಗುಲಾಬಿಯೋ ಹಸಿರೋ ಎದುರಾದರೆ ಕೆಡುವುದು ಕಡಿಮೆ. ಹಳದಿ ಕೆಡುವುದು ಇನ್ನೊಂದು ಹಳದಿಯ ಪಕ್ಕ. ನಿಂಬೆಹಣ್ಣಿನ ಹಳದಿಯಲ್ಲಿ ಒಂದು ಎಳೆ ಹಸಿರು ಇರುತ್ತದೆ. ಚೆಂಡು ಹೂವಿನ ಹಳದಿಯಲ್ಲಿ, ಅರಿಶಿನದ ಹಳದಿಯಲ್ಲಿ ಒಂದು ಎಳೆ ಕೆಂಪು ಇರುತ್ತದೆ. ಬೇರೆ ಬೇರೆಯಾಗಿ ನೋಡಿದರೆ ಎರಡೂ ಚೆಂದ. ಪಕ್ಕಪಕ್ಕ ಇಟ್ಟರೆ ನಿಂಬೆ ಬಣ್ಣ ಇನ್ನೂ ಹಸಿರಾಗಿ ಕಾಣುತ್ತದೆ, ಚೆಂಡು ಹೂವಿನದು ಇನ್ನೂ ಕಿತ್ತಳೆಗೆ ತಿರುಗುತ್ತದೆ. ಇನ್ನು ಸಾಸಿವೆ ಬಣ್ಣ ಅಂತ ಒಂದಿದೆ ನೋಡಿ, ಅದು ಒಬ್ಬೊಬ್ಬರಿಗೆ ತುಂಬಾ ಒಪ್ಪುತ್ತದೆ, ಆದರೆ ಹೊಳೆಯುವ ನಿಂಬೆ ಹಳದಿಯ ಜೊತೆ ನಿಲ್ಲಿಸಿದರೆ ಒಗೆಯದ ಬಟ್ಟೆ ಹಾಗೆ ಕಾಣುತ್ತದೆ. ಪಾಪ, ಬಟ್ಟೆಯದೇನೂ ತಪ್ಪಿಲ್ಲ.

ಅದಕ್ಕೆ ನಾನು ಹೇಳುವುದು, ಬೀರು ತೆಗೆಯುವ ಮೊದಲು ಕರೆದವರ ಮನೆಗೆ ಒಂದು ಫೋನ್ ಮಾಡಿ ಎರಡು ಮಾತು ಕೇಳಿಬಿಡಿ. ಹುಡುಗಿ ಯಾವ ಹಳದಿ ಉಡುತ್ತಾಳೆ? ಹಿಂದಿನ ಅಲಂಕಾರ ಏನು, ಚೆಂಡು ಹೂವಾ ಅಥವಾ ಬಟ್ಟೆಯ ಪರದೆಯಾ? ಇಷ್ಟು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿಯಿತು. ಕೇಳಲು ಸಂಕೋಚ ಯಾಕೆ, ಥೀಮ್ ಇಟ್ಟವರೇ ಅವರು. ಸಾಮಾನ್ಯವಾಗಿ ಮದುಮಗಳದ್ದು ಎಲ್ಲರಿಗಿಂತ ಗಾಢವಾದ, ಎದ್ದು ಕಾಣುವ ಹಳದಿ ಇರುತ್ತದೆ. ನೀವು ಅದೇ ಬಳಗದಲ್ಲಿ ಒಂದು ಮೆಟ್ಟಿಲು ತೆಳುವಾದದ್ದು ಹಾಕಿ. ಅವಳದ್ದು ಚೆಂಡು ಹೂವಿನ ಬಣ್ಣವಾದರೆ ನಿಮಗೆ ಬೆಣ್ಣೆ ಬಣ್ಣ, ಕೆನೆ ಬಣ್ಣ, ತೆಳು ಅರಿಶಿನ ಬಣ್ಣ. ಅವಳದ್ದು ನಿಂಬೆ ಹಳದಿಯಾದರೆ ನಿಮಗೆ ಎಳೆ ಬಾಳೆಸುಳಿಯ ಬಣ್ಣ, ಅಥವಾ ಬಿಳಿ ನೆಲದ ಮೇಲೆ ಹಳದಿ ಹೂವು. ಅವಳ ಬಣ್ಣವನ್ನೇ ತದ್ರೂಪು ಉಡುವುದು ಬೇಡ. ಸೋದರತ್ತೆಯೇ ಇರಲಿ, ಅಕ್ಕನೇ ಇರಲಿ, ಆ ದಿನ ಎದ್ದು ಕಾಣಬೇಕಾದವಳು ಅವಳು.

ಮೊನ್ನೆ ನನ್ನ ತಂಗಿಯ ಮಗಳು ಫೋನ್ ಮಾಡಿದ್ದಳು. "ದೊಡ್ಡಮ್ಮ, ನಾವು ನಾಲ್ಕು ಜನ ಹೋಗಬೇಕು, ಹೊಸದೇನೂ ತಗೊಳ್ಳಲ್ಲ, ಇರೋದ್ರಲ್ಲೇ ಹೊಂದಿಸಿಕೊಡಿ" ಅಂದಳು. ಅವಳ ಹತ್ತಿರ ಇದ್ದದ್ದು ಬೆಳ್ಳಿ ಜರಿಯ ನಿಂಬೆ ಹಳದಿ ಜಾರ್ಜೆಟ್ ಸೀರೆ. ಅವಳ ಯಜಮಾನರಿಗೆ ಸಾಸಿವೆ ಬಣ್ಣದ ಕುರ್ತಾ. ದೊಡ್ಡ ಮಗಳಿಗೆ ಕಿತ್ತಳೆ ಲಂಗ, ಹಸಿರು ದಾವಣಿ. ಚಿಕ್ಕವನಿಗೆ ಅಚ್ಚ ಬಿಳಿ ಪೈಜಾಮ ಜುಬ್ಬ. ಮದುಮಗಳದ್ದು ಚೆಂಡು ಹೂವಿನ ಬಣ್ಣ, ಹಿಂದೆಯೂ ಚೆಂಡು ಹೂವಿನ ತೋರಣವೇ ಅಂತ ಕೇಳಿ ತಿಳಿದುಕೊಂಡಿದ್ದಳು.

ನಾಲ್ಕನ್ನೂ ಬೆಳಗ್ಗೆ ಹತ್ತು ಗಂಟೆ ಹೊತ್ತಿಗೆ ಕಿಟಕಿ ಪಕ್ಕದ ಮಂಚದ ಮೇಲೆ ಹರಡಿ, ನಡುವೆ ಒಂದು ಚೆಂಡು ಹೂವು ಇಡು ಅಂದೆ. ಹಗಲು ಬೆಳಕೇ ಬೇಕು. ಟ್ಯೂಬ್‌ಲೈಟ್ ಕೆಳಗೆ ಒಂದೇ ಥರ ಕಂಡ ಎರಡು ಹಳದಿ ಬಿಸಿಲಿಗೆ ಬಂದಾಗ ಬೇರೆಯಾಗಿಬಿಡುತ್ತವೆ, ಶಾಸ್ತ್ರ ನಡೆಯುವುದು ಹೆಚ್ಚಾಗಿ ಹಗಲಲ್ಲೇ. ಫೋಟೋ ಕಳಿಸಿದಳು. ನಿಂಬೆ ಸೀರೆಗೂ ಸಾಸಿವೆ ಕುರ್ತಾಗೂ ಜಗಳ, ನಿಂಬೆ ಸೀರೆಗೂ ಹೂವಿಗೂ ಜಗಳ. ಅಂದರೆ ಎರಡು ಕಡೆಯೂ ಹೊಂದದೇ ಇರುವುದು ಆ ಸೀರೆ ಒಂದೇ. ಅದನ್ನು ತೆಗೆದರೆ ಉಳಿದದ್ದೆಲ್ಲ ತಾನಾಗಿಯೇ ಕೂಡಿಕೊಳ್ಳುತ್ತದೆ. ಅವಳ ಹತ್ತಿರ ಹಸಿರು ಅಂಚಿನ ಕೆನೆ ಬಣ್ಣದ ಹತ್ತಿ ಸೀರೆ ಇತ್ತು, ಅದನ್ನು ತೆಗೆಸಿದೆ. ಮಗಳ ಹಸಿರು ದಾವಣಿಗೂ ಅವಳ ಅಂಚಿಗೂ ಸೇರಿತು. ಕಿತ್ತಳೆ ಲಂಗ ಚೆಂಡು ಹೂವಿನ ನೆಂಟನೇ, ಹಾಗೇ ಇರಲಿ. ಯಜಮಾನರ ಸಾಸಿವೆ ಕುರ್ತಾ ಉಳಿಯಿತು, ನಿಂಬೆ ಬಣ್ಣ ಪಕ್ಕದಲ್ಲಿ ಇಲ್ಲದಿದ್ದರೆ ಅದು ಮಂಕಾಗಿ ಕಾಣುವುದಿಲ್ಲ. ಕೆಳಗೆ ಮಾತ್ರ ಕಪ್ಪು ಪ್ಯಾಂಟ್ ಬೇಡ, ಬಿಳಿ ಪಂಚೆಯೋ ಪೈಜಾಮವೋ ಹಾಕಿಕೊಳ್ಳಲಿ ಅಂದೆ. ಚಿಕ್ಕವನ ಬಿಳಿ ಜುಬ್ಬದ ಮೇಲೆ ಹಳದಿ ಶಲ್ಯ. ಮುಗೀತು. ಒಂದು ರೂಪಾಯಿ ಖರ್ಚಿಲ್ಲ.

ನಾಲ್ವರಲ್ಲಿ ಒಬ್ಬರೂ ಪೂರ್ತಿ ಹಳದಿಯಲ್ಲಿ ಮುಳುಗಿಲ್ಲ, ಆದರೂ ಹಳದಿ ಮನೆಯವರೇ ಅನ್ನಿಸುತ್ತದೆ. ಮೈತುಂಬ ಹಳದಿ ಯಾರಿಗೆ ಒಪ್ಪುವುದಿಲ್ಲವೋ, ಅವರಿಗೂ ಇದೇ ದಾರಿ. ಮುಖದ ಹತ್ತಿರ ಬರುವುದು ರವಿಕೆ ಮತ್ತು ಸೆರಗು. ಹಳದಿ ಮುಖಕ್ಕೆ ಒಪ್ಪದಿದ್ದರೆ ರವಿಕೆ ಎಲೆ ಹಸಿರು ಇಟ್ಟುಕೊಂಡು, ಹಳದಿಯನ್ನು ಒಡಲಿಗೆ ಬಿಡಿ.

ಇನ್ನು ಶಾಮಿಯಾನದ ವಿಷಯ, ಇದನ್ನು ಯಾರೂ ಯೋಚಿಸುವುದೇ ಇಲ್ಲ. ಮೇಲೆ ಹಳದಿ ಬಟ್ಟೆ ಕಟ್ಟಿದ್ದರೆ ಬಿಸಿಲು ಅದರೊಳಗಿಂದ ಸೋಸಿ ಬರುತ್ತದೆ, ಕೆಳಗಿರುವುದೆಲ್ಲ ಹಳದಿಯಾಗುತ್ತದೆ. ಆಗ ತೆಳು ಹಳದಿಗೂ ಬಿಳಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ನೀಲಿ, ನೇರಳೆ ಕಪ್ಪಾಗಿ ಸತ್ತುಹೋಗುತ್ತವೆ. ರಾಣಿ ಗುಲಾಬಿ ಕೆಂಪಿಗೆ ತಿರುಗುತ್ತದೆ. ಎಲೆ ಹಸಿರು ಮಾತ್ರ ಹೆಚ್ಚು ಕೆಡುವುದಿಲ್ಲ, ನಾನು ಮತ್ತೆ ಮತ್ತೆ ಹಸಿರು ಅನ್ನುವುದು ಅದಕ್ಕೇ. ಬಯಲಲ್ಲಿ, ಮನೆಯ ಅಂಗಳದಲ್ಲಿ ಆದರೆ ರಾಣಿ ಗುಲಾಬಿ ರವಿಕೆ ಧಾರಾಳವಾಗಿ ಹಾಕಿ, ಹಳದಿ ಜೊತೆ ಅದರಷ್ಟು ಕಳೆ ಬೇರೆಯದಕ್ಕಿಲ್ಲ. ಕಪ್ಪು ಅಂತೂ ಬಿಟ್ಟುಬಿಡಿ, ಮನೆಯ ಹಿರಿಯರು ಬಾಯಿಬಿಟ್ಟು ಹೇಳದಿದ್ದರೂ ಶುಭಕಾರ್ಯದಲ್ಲಿ ಅವರ ಕಣ್ಣು ಅಲ್ಲಿಗೇ ಹೋಗುತ್ತದೆ.

ಬಣ್ಣ ಆಯಿತು, ಬಟ್ಟೆ? ರೇಷ್ಮೆ ಬೇಡ. ಮೈಸೂರು ಸಿಲ್ಕ್ ಎಷ್ಟೇ ಒಳ್ಳೆಯ ಹಳದಿ ಇದ್ದರೂ ಮದುವೆ ಮುಹೂರ್ತಕ್ಕೆ ಇಡಿ. ಹಳದಿ ಸೀರೆಯ ಮೇಲೆ ಅರಿಶಿನ ಬಿದ್ದರೆ ಕಾಣುವುದಿಲ್ಲ ಬಿಡಿ ಅನ್ನುತ್ತಾರೆ, ಆ ಹೊತ್ತಿಗೆ ಕಾಣುವುದಿಲ್ಲ ನಿಜ. ಮನೆಗೆ ಬಂದು ಸೋಪು ಹಾಕಿದಾಗ ಕಾಣುತ್ತದೆ. ಆರತಿ ತಟ್ಟೆಗೆ ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಬಟ್ಟೆ ಸೋಪಿನಲ್ಲೂ ಸುಣ್ಣದ ಆ ಗುಣ ಇದೆ. ಕಲೆ ಕೆಂಪಗಾಗಿ ಎದ್ದು ಬರುತ್ತದೆ. ಗಾಬರಿ ಬೇಡ, ಸೋಪು ಪೂರ್ತಿ ಹೋಗುವ ಹಾಗೆ ಜಾಲಾಡಿಸಿದರೆ ಮತ್ತೆ ಹಳದಿಗೆ ಬರುತ್ತದೆ. ಎಣ್ಣೆ ಕಲಸಿದ ಅರಿಶಿನವಾದರೆ ಇನ್ನೂ ಆಳಕ್ಕೆ ಇಳಿದಿರುತ್ತದೆ. ಹತ್ತಿ ಬಟ್ಟೆಯಾದರೆ ಒಣಗಿದ ಅರಿಶಿನ ಕೊಡವಿ, ತಣ್ಣೀರಲ್ಲಿ ಜಾಲಿಸಿ, ಆಮೇಲೆ ಸೋಪು ಹಾಕಿ ಒಗೆದು, ಕಲೆ ಇರುವ ಕಡೆ ಬಿಸಿಲಿಗೆ ಮುಖ ಮಾಡಿ ಒಣಗಿಸಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಎರಡು ಮೂರು ಸಲ ಹೀಗೆ ಮಾಡಿದರೆ ಮಾಸುತ್ತಾ ಹೋಗುತ್ತದೆ. ಕಲೆ ಹೋಗುವ ತನಕ ಇಸ್ತ್ರಿ ಮುಟ್ಟಿಸಬೇಡಿ, ಬಿಸಿ ತಾಗಿದರೆ ಕಲೆ ಕೂತುಬಿಡುತ್ತದೆ. ರೇಷ್ಮೆಗೆ ಈ ಸೋಪು, ಈ ಬಿಸಿಲು ಎರಡೂ ಆಗಿಬರುವುದಿಲ್ಲ. ಬೇಡ ಅಂದದ್ದು ಅದಕ್ಕೆ.

ಈಗಿನ ಹುಡುಗರು ಕೊನೆಗೆ ಬಿಂದಿಗೆಗಟ್ಟಲೆ ನೀರು ಎರಚುತ್ತಾರೆ, ಅದಕ್ಕೂ ತಯಾರಾಗಿ ಹೋಗಬೇಕು. ತೆಳು ಹಳದಿ, ಕೆನೆ, ಬಿಳಿ ಇವು ನೆಂದರೆ ಒಳಗಿನದೆಲ್ಲ ಕಾಣುತ್ತದೆ. ಲಂಗ ಸೀರೆಯ ಬಣ್ಣದ್ದೇ ಇರಲಿ, ತೆಳು ಹಳದಿ ಕೆಳಗೆ ಕೆಂಪು ಲಂಗ ಹಾಕಿದರೆ ನೆನೆಯುವ ಮೊದಲೇ ಸೀರೆ ಕಿತ್ತಳೆ ಆಗಿ ಕಾಣುತ್ತದೆ. ಹೆಣ್ಣುಮಕ್ಕಳ ಕುರ್ತಾಗೆ ಒಳಗೆ ಲೈನಿಂಗ್ ಇದೆಯಾ ನೋಡಿಕೊಳ್ಳಿ. ಹೊಸ ಹತ್ತಿ ಬಟ್ಟೆ, ಅದರಲ್ಲೂ ಕೆಂಪು ಹಸಿರು ಅಂಚಿನದು, ಮೊದಲ ಸಲ ಉಡುವುದಾದರೆ ಒದ್ದೆ ಬಿಳಿ ಕರವಸ್ತ್ರವನ್ನು ಅಂಚಿನ ಒಳಬದಿಗೆ ಜೋರಾಗಿ ತಿಕ್ಕಿ ನೋಡಿ. ಬಣ್ಣ ಹತ್ತಿತು ಅಂದರೆ ಆ ಸೀರೆ ಆ ದಿನಕ್ಕಲ್ಲ. ನಿಮ್ಮದು ಕೆಡುವುದಿರಲಿ, ಅಪ್ಪಿಕೊಂಡವರ ಬಟ್ಟೆಗೂ ಹತ್ತುತ್ತದೆ.

ಒಡವೆ ಜಾಸ್ತಿ ಬೇಡ. ಕೆತ್ತನೆ ಇರುವ ಸರದ ಸಂದಿಗೆ ಅರಿಶಿನ ಸೇರಿದರೆ ಬ್ರಷ್ ಹಿಡಿದು ಕೂರಬೇಕಾಗುತ್ತದೆ. ಗಾಜಿನ ಹಸಿರು ಬಳೆ, ಮುಡಿಗೆ ಮಲ್ಲಿಗೆ, ಕಿವಿಗೆ ಸಾದಾ ಓಲೆ ಸಾಕು. ಹೊರಡುವಾಗ ಚೀಲದಲ್ಲಿ ಒಂದು ಹಳೆ ಟವಲ್, ಒಂದು ಜೊತೆ ಒಣ ಬಟ್ಟೆ ಇಟ್ಟುಕೊಳ್ಳಿ, ವಾಪಸ್ ಬರುವಾಗ ಕಾರಿನ ಸೀಟಿಗೆ ಹಾಸಲು ಆ ಟವಲ್ಲೇ ಬೇಕಾಗುತ್ತದೆ.